ನೂರು ಕೋಟಿವರೆಗಿನ ಅವಿಭಾಜ್ಯಗಳಿಗೆ 4 ಜಿಬಿ ಬೇಡ, 32 ಕೆಬಿ ತುಂಡು ಸಾಕು

ಪ್ರಶ್ನೆ: ಸಿ++ ನಲ್ಲಿ ಎರಟೋಸ್ತನೀಸ್ ಜರಡಿ ಬರೆದಿದ್ದೇನೆ. ಒಂದು ಕೋಟಿವರೆಗೆ ಚೆನ್ನಾಗಿ ಓಡುತ್ತದೆ. ನೂರು ಕೋಟಿ ಕೊಟ್ಟರೆ ನನ್ನ 4 ಜಿಬಿ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ. `vector<int>` ಬಳಸಿದ್ದೇನೆ. ತುಂಡು ತುಂಡಾಗಿ ಮಾಡು ಅಂತ ಸ್ನೇಹಿತ ಹೇಳಿದ. ಆದರೆ ಕೊನೆಯ ತುಂಡನ್ನು ಜರಡಿ ಹಿಡಿಯಲು ಅದರ ಹಿಂದಿನ ಅವಿಭಾಜ್ಯಗಳೆಲ್ಲ ಬೇಕಲ್ವಾ? ಹಾಗಾದರೆ ಮೆಮೊರಿ ಉಳಿಯುವುದು ಎಲ್ಲಿ?

ಉತ್ತರ: ಬೇಡ, ಎಲ್ಲವೂ ಬೇಕಾಗಿಲ್ಲ. ನೂರು ಕೋಟಿಯ ಪಕ್ಕದಲ್ಲಿರುವ ಕೊನೆಯ ತುಂಡಿಗೂ ಬೇಕಾಗುವುದು 31622 ವರೆಗಿನ ಅವಿಭಾಜ್ಯಗಳು ಮಾತ್ರ. ಅವು ಒಟ್ಟು 3401. ನೂರು ಕೋಟಿಯೊಳಗೆ 5,08,47,534 ಅವಿಭಾಜ್ಯಗಳಿವೆ. ಅಷ್ಟನ್ನೂ ಹುಡುಕಲು ಈ 3401 ಸಂಖ್ಯೆಗಳ ಪಟ್ಟಿ ಮತ್ತು ಒಂದು ಚಿಕ್ಕ ಅರೇ ಇದ್ದರೆ ಸಾಕು.

ಮೊದಲು ನಿಮ್ಮ ಲ್ಯಾಪ್‌ಟಾಪ್ ಯಾಕೆ ನಿಂತುಹೋಯಿತು ಅಂತ ನೋಡೋಣ. ಒಂದು `int` ಗೆ 4 ಬೈಟ್. ನೂರು ಕೋಟಿ `int` ಅಂದರೆ 400 ಕೋಟಿ ಬೈಟ್. ನಿಮ್ಮ ಇಡೀ ರ‍್ಯಾಮ್ ಅಷ್ಟೇ ಇದೆ, ಅದರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೂ ಬ್ರೌಸರ್‌ಗೂ ಜಾಗ ಬೇಕು. ಜಾಗ ಸಾಲದಾಗ ಸಿಸ್ಟಮ್ ಡಿಸ್ಕನ್ನು ರ‍್ಯಾಮ್ ಥರ ಬಳಸಲು ಶುರು ಮಾಡುತ್ತದೆ. ಜರಡಿ ಅರೇಯ ಉದ್ದಕ್ಕೂ ಮತ್ತೆ ಮತ್ತೆ ಓಡಾಡುವ ಕೆಲಸ. ಹಾಗಾಗಿ ಪ್ರತಿ ಸುತ್ತಿಗೂ ಡಿಸ್ಕಿನಿಂದ ಪುಟಗಳು ಒಳಗೆ ಬರಬೇಕು, ಹೊರಗೆ ಹೋಗಬೇಕು. ನೀವು ಹ್ಯಾಂಗ್ ಅನ್ನುತ್ತಿರುವುದು ಇದನ್ನೇ.

ಪ್ರತಿ ಸಂಖ್ಯೆಯ ಬಗ್ಗೆ ನೀವು ಬರೆದಿಡುವುದು ಹೌದು ಅಥವಾ ಅಲ್ಲ ಅಂತ ಮಾತ್ರ. ಅದಕ್ಕೆ 4 ಬೈಟ್ ಯಾಕೆ? `vector<char>` ಮಾಡಿದರೆ 100 ಕೋಟಿ ಬೈಟ್‌ಗೆ ಇಳಿಯುತ್ತದೆ. `vector<bool>` ಮಾಡಿದರೆ ಸಿ++ ಒಂದೊಂದಕ್ಕೆ ಒಂದೇ ಬಿಟ್ ಕೊಡುತ್ತದೆ, 12.5 ಕೋಟಿ ಬೈಟ್ ಸಾಕು. ಸಮಸಂಖ್ಯೆಗಳನ್ನು ಬಿಟ್ಟರೆ ಅದರಲ್ಲೂ ಅರ್ಧ, 62.5 ಎಂಬಿ. ನೂರು ಕೋಟಿ ಒಂದೇ ನಿಮ್ಮ ಗುರಿ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು, ಪ್ರೋಗ್ರಾಂ ಓಡುತ್ತದೆ.

ಆದರೂ ತುಂಡು ಮಾಡುವುದನ್ನು ಕಲಿಯಿರಿ ಅನ್ನುತ್ತೇನೆ. ಅದಕ್ಕೆ ಎರಡು ಕಾರಣ. ಒಂದು, ಮಿತಿಯನ್ನು ಒಂದು ಲಕ್ಷ ಕೋಟಿಗೆ, ಅಂದರೆ 10¹² ಗೆ ಏರಿಸಿದರೆ ಈ 62.5 ಎಂಬಿ ಹೋಗಿ 62.5 ಜಿಬಿ ಆಗುತ್ತದೆ. ಇನ್ನೊಂದು ಕಾರಣ ವೇಗ. ರ‍್ಯಾಮ್‌ನಲ್ಲಿ ಜಾಗ ಇದ್ದರೂ ದೊಡ್ಡ ಅರೇ ನಿಧಾನ. ಅದರ ಬಗ್ಗೆ ಆಮೇಲೆ ವಿವರವಾಗಿ ಹೇಳುತ್ತೇನೆ.

### ವರ್ಗಮೂಲದವರೆಗೆ ಸಾಕು, ಯಾಕೆ?

ಒಂದು ಸಂಖ್ಯೆ m ಅವಿಭಾಜ್ಯ ಅಲ್ಲ ಅಂದುಕೊಳ್ಳಿ. ಆಗ ಅದನ್ನು a × b ಅಂತ ಬರೆಯಬಹುದು, ಎರಡೂ 1 ಕ್ಕಿಂತ ದೊಡ್ಡವು. ಇವೆರಡೂ m ನ ವರ್ಗಮೂಲಕ್ಕಿಂತ ದೊಡ್ಡದಾಗಿದ್ದರೆ ಗುಣಲಬ್ಧ m ಅನ್ನೇ ಮೀರಿಬಿಡುತ್ತದೆ. ಹಾಗಾಗಿ ಒಂದಾದರೂ ವರ್ಗಮೂಲಕ್ಕೆ ಸಮ ಅಥವಾ ಅದಕ್ಕಿಂತ ಚಿಕ್ಕದಿರಲೇಬೇಕು. ಆ ಚಿಕ್ಕದನ್ನು ಇನ್ನೂ ಒಡೆದರೆ ಒಂದು ಅವಿಭಾಜ್ಯ ಸಿಗುತ್ತದೆ. ಅಂದರೆ ಪ್ರತಿ ಸಂಯುಕ್ತ ಸಂಖ್ಯೆಗೂ ಅದರ ವರ್ಗಮೂಲದೊಳಗೆ ಒಂದು ಅವಿಭಾಜ್ಯ ಅಪವರ್ತನ ಇದ್ದೇ ಇರುತ್ತದೆ.

ನೂರು ಕೋಟಿಯ ವರ್ಗಮೂಲ 31622.77. ಅದರೊಳಗಿನ ಕೊನೆಯ ಅವಿಭಾಜ್ಯ 31607. ಅಲ್ಲಿಯವರೆಗಿನ 3401 ಅವಿಭಾಜ್ಯಗಳಲ್ಲಿ ಯಾವುದರಿಂದಲೂ ಭಾಗವಾಗದ ಸಂಖ್ಯೆ ನೂರು ಕೋಟಿಯೊಳಗೆ ಸಿಕ್ಕರೆ ಅದು ಅವಿಭಾಜ್ಯವೇ. 40,000 ಅಥವಾ 50 ಲಕ್ಷದ ಹತ್ತಿರ ಸಿಕ್ಕ ಅವಿಭಾಜ್ಯಗಳಿಂದ ಮುಂದಿನ ಯಾವ ತುಂಡಿಗೂ ಉಪಯೋಗವಿಲ್ಲ. ಎಣಿಸಿ ಬಿಟ್ಟುಬಿಡಬಹುದು.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಉಳಿದದ್ದು ಇದನ್ನು ತಪ್ಪಿಲ್ಲದೆ, ಚುರುಕಾಗಿ ಮಾಡುವುದು ಹೇಗೆ ಅನ್ನುವುದು.

### ಒಂದು ತುಂಡನ್ನು ಕೈಯಲ್ಲೇ ಮಾಡಿ ನೋಡೋಣ

200 ವರೆಗಿನ ಅವಿಭಾಜ್ಯಗಳು ಬೇಕು, ಆದರೆ ಒಂದು ಸಲಕ್ಕೆ 30 ಸಂಖ್ಯೆಗಳಿಗೆ ಮಾತ್ರ ಜಾಗ ಇದೆ ಅಂದುಕೊಳ್ಳಿ. 200 ರ ವರ್ಗಮೂಲ 14.1. ಹಾಗಾಗಿ ಮೂಲ ಪಟ್ಟಿ 2, 3, 5, 7, 11, 13. ಇದನ್ನು ಮಾಮೂಲಿ ಜರಡಿಯಿಂದ ಮೊದಲೇ ಮಾಡಿಟ್ಟುಕೊಳ್ಳುತ್ತೇವೆ. ಈಗ ಮಧ್ಯದ ಒಂದು ತುಂಡನ್ನು ತೆಗೆದುಕೊಳ್ಳೋಣ, 120 ರಿಂದ 149.

ಪ್ರತಿ ಮೂಲ ಅವಿಭಾಜ್ಯಕ್ಕೂ ಈ ತುಂಡಿನಲ್ಲಿ ಮೊದಲ ಅಪವರ್ತ್ಯ ಎಲ್ಲಿದೆ ಅಂತ ಹುಡುಕಬೇಕು. 2, 3, 5 ಮೂರಕ್ಕೂ ಅದು 120 ರಲ್ಲೇ ಇದೆ. 7 ಕ್ಕೆ 119 ಹಿಂದಿನ ತುಂಡಿನಲ್ಲಿ ಹೋಯಿತು, ಇಲ್ಲಿ ಮೊದಲು ಸಿಗುವುದು 126. 11 ಕ್ಕೆ 121. 13 ಕ್ಕೆ? 130 ಇದೆ, ಆದರೆ ಅದನ್ನು ಹೊಡೆಯುವ ಅಗತ್ಯ ಇಲ್ಲ. 13 × 13 = 169 ಕ್ಕಿಂತ ಚಿಕ್ಕದಾದ 13 ರ ಯಾವ ಅಪವರ್ತ್ಯಕ್ಕೂ ಇನ್ನೊಂದು ಕಡೆ 13 ಕ್ಕಿಂತ ಚಿಕ್ಕ ಅಪವರ್ತನ ಇರುತ್ತದೆ, ಹಾಗಾಗಿ ಬೇರೊಂದು ಅವಿಭಾಜ್ಯ ಅದನ್ನು ಆಗಲೇ ಹೊಡೆದಿರುತ್ತದೆ. 169 ಈ ತುಂಡಿನ ಆಚೆ ಇದೆ. ಆದ್ದರಿಂದ ಇಲ್ಲಿ 13 ಕ್ಕೆ ಕೆಲಸವೇ ಇಲ್ಲ.

2, 3, 5 ರ ಅಪವರ್ತ್ಯಗಳನ್ನು ಹೊಡೆದ ಮೇಲೆ ಉಳಿಯುವವು 121, 127, 131, 133, 137, 139, 143, 149. ಏಳು 126, 133, 140, 147 ಕ್ಕೆ ಹೋಗಿ ಬರುತ್ತದೆ, 133 ಬೀಳುತ್ತದೆ. ಹನ್ನೊಂದು 121, 132, 143 ಕ್ಕೆ ಹೋಗುತ್ತದೆ, 121 ಮತ್ತು 143 ಬೀಳುತ್ತವೆ. ಉಳಿದದ್ದು 127, 131, 137, 139, 149. ಐದೂ ಅವಿಭಾಜ್ಯ. 30 ರಿಂದ 119 ರ ನಡುವೆ ಏನಿದೆ ಅಂತ ನಾವು ನೋಡಲೇ ಇಲ್ಲ. ಇನ್ನು ಅದೇ 30 ಮನೆಗಳ ಅರೇಯನ್ನು ಅಳಿಸಿ 150 ರಿಂದ 179 ಕ್ಕೆ ಬಳಸಬಹುದು.

### ಕೋಡ್

ಮೊದಲ ಭಾಗ ಮೂಲ ಪಟ್ಟಿ.

```cpp
typedef int64_t i64;

vector<i64> base_primes(i64 n) {
    i64 r = 1;
    while ((r + 1) * (r + 1) <= n) r++;
    vector<char> s(r + 1, 1);
    vector<i64> base;
    for (i64 p = 2; p <= r; p++) {
        if (!s[p]) continue;
        base.push_back(p);
        for (i64 j = p * p; j <= r; j += p) s[j] = 0;
    }
    return base;
}
```

ವರ್ಗಮೂಲಕ್ಕೆ `sqrt` ಕರೆಯದೆ ಸುಮ್ನೆ ಒಂದೊಂದೇ ಏರಿಸಿದ್ದೇನೆ. ನೂರು ಕೋಟಿಗೆ ಇದು 31 ಸಾವಿರ ಚಿಲ್ಲರೆ ಸುತ್ತು, ಕಣ್ಣಿಗೆ ಕಾಣುವಷ್ಟು ಸಮಯವೂ ಹಿಡಿಯುವುದಿಲ್ಲ. ಪೂರ್ಣಾಂಕದಲ್ಲೇ ಲೆಕ್ಕ ಮುಗಿಯುವುದರಿಂದ ದಶಮಾಂಶದ ಅನುಮಾನ ಇರುವುದಿಲ್ಲ.

ಎರಡನೇ ಭಾಗ ತುಂಡುಗಳು.

```cpp
i64 count_primes(i64 n, i64 seg) {
    vector<i64> base = base_primes(n);
    vector<char> win(seg);
    i64 total = 0;
    for (i64 lo = 2; lo <= n; lo += seg) {
        i64 hi = min(lo + seg - 1, n);
        fill(win.begin(), win.end(), 1);
        for (i64 p : base) {
            if (p * p > hi) break;
            i64 j = max(p * p, (lo + p - 1) / p * p);
            for (; j <= hi; j += p) win[j - lo] = 0;
        }
        for (i64 k = lo; k <= hi; k++) total += win[k - lo];
    }
    return total;
}
```

ಇದರಲ್ಲಿ ಗಮನ ಕೊಡಬೇಕಾದ ಸಾಲು `j` ಯದ್ದು. `(lo + p - 1) / p * p` ಅಂದರೆ `lo` ಗೆ ಸಮ ಅಥವಾ ಅದಕ್ಕಿಂತ ದೊಡ್ಡದಾದ, p ಯ ಮೊದಲ ಅಪವರ್ತ್ಯ. ಮೇಲಿನ ಉದಾಹರಣೆಯಲ್ಲಿ `lo` 120, p 7. 120 + 6 = 126, ಅದನ್ನು 7 ರಿಂದ ಭಾಗಿಸಿದರೆ 18, ಮತ್ತೆ ಗುಣಿಸಿದರೆ 126. `lo` 119 ಆಗಿದ್ದರೆ 125 / 7 = 17 (ಶೇಷ ಬಿದ್ದುಹೋಗುತ್ತದೆ), 17 × 7 = 119. ಎರಡೂ ಸರಿ. `max` ಇರುವುದು 13 ರ ಥರದ ಸಂದರ್ಭಕ್ಕೆ, p × p ಗಿಂತ ಮೊದಲು ಶುರು ಆಗದಿರಲಿ ಅಂತ. `break` ಇರುವುದು p × p ಈ ತುಂಡನ್ನೇ ದಾಟಿದ ಮೇಲೆ ಮುಂದಿನ ಅವಿಭಾಜ್ಯಗಳನ್ನು ನೋಡುವುದು ದಂಡ ಅಂತ.

ಮೆಮೊರಿ ಎಷ್ಟಾಯಿತು ನೋಡಿ. `seg` 32768 ಕೊಟ್ಟರೆ `win` 32 ಕೆಬಿ. ಮೂಲ ಪಟ್ಟಿ 3401 × 8, ಸುಮಾರು 27 ಸಾವಿರ ಬೈಟ್. ಎರಡೂ ಸೇರಿ 60 ಕೆಬಿ ಆಸುಪಾಸು. 4 ಜಿಬಿಯಿಂದ ಇಲ್ಲಿಗೆ ಬಂದೆವು.

ಪ್ರತಿ ತುಂಡಿಗೂ ಭಾಗಾಕಾರ ಮಾಡುವ ಬದಲು ಪ್ರತಿ p ಯೂ ಹಿಂದಿನ ತುಂಡಿನಲ್ಲಿ ಎಲ್ಲಿ ನಿಂತಿತು ಅಂತ ಇನ್ನೊಂದು ಅರೇಯಲ್ಲಿ ನೆನಪಿಟ್ಟುಕೊಂಡು ಮುಂದುವರಿಸಬಹುದು. ತುಂಬಾ ಜನ ಹಾಗೆ ಬರೆಯುತ್ತಾರೆ, ಸ್ವಲ್ಪ ವೇಗ ಸಿಗುತ್ತದೆ. ಆದರೆ ನನಗೆ ಭಾಗಾಕಾರದ ರೀತಿಯೇ ಇಷ್ಟ. ಇದರಲ್ಲಿ ಯಾವ ತುಂಡೂ ಇನ್ನೊಂದನ್ನು ನಂಬಿಕೊಂಡಿಲ್ಲ. ನಾಲ್ಕು ಥ್ರೆಡ್‌ಗಳಿಗೆ ಬೇರೆ ಬೇರೆ ತುಂಡು ಹಂಚಬಹುದು. ನಡುವೆ ನಿಂತುಹೋದರೆ ನಿಂತ ತುಂಡಿನಿಂದಲೇ ಶುರು ಮಾಡಬಹುದು. ತಪ್ಪು ಹುಡುಕುವಾಗ ಒಂದೇ ತುಂಡನ್ನು ಎತ್ತಿ ನೋಡಬಹುದು.

### ತುಂಡು ಎಷ್ಟು ದೊಡ್ಡದಿರಬೇಕು?

ಇಲ್ಲಿ ಎರಡು ಕಡೆಯಿಂದ ಎಳೆತ ಇದೆ.

ಮೊದಲು ಮೇಲಿನ ಮಿತಿ. ಪ್ರೊಸೆಸರ್ ರ‍್ಯಾಮ್‌ನಿಂದ ನೇರ ಓದುವುದಿಲ್ಲ. ನಡುವೆ ಕ್ಯಾಶ್ ಇರುತ್ತದೆ. ಅತಿ ಹತ್ತಿರದ ಎಲ್1 ಡೇಟಾ ಕ್ಯಾಶ್ ಸಾಮಾನ್ಯವಾಗಿ ಒಂದೊಂದು ಕೋರ್‌ಗೆ 32 ಅಥವಾ 48 ಕೆಬಿ. ಲಿನಕ್ಸ್‌ನಲ್ಲಿ `lscpu` ಕೊಟ್ಟರೆ `L1d` ಅಂತ ಕಾಣಿಸುತ್ತದೆ. ಕೆಲವು ಯಂತ್ರಗಳಲ್ಲಿ ಅದು ಎಲ್ಲ ಕೋರ್‌ಗಳ ಒಟ್ಟು ಮೊತ್ತವನ್ನು ತೋರಿಸುತ್ತದೆ, ಭಾಗಿಸಿಕೊಳ್ಳಿ. ರ‍್ಯಾಮ್‌ನಿಂದ ಕ್ಯಾಶ್‌ಗೆ ಮಾಹಿತಿ ಬರುವುದು ಒಂದೊಂದು ಬೈಟ್ ಆಗಿ ಅಲ್ಲ, ಸಾಮಾನ್ಯವಾಗಿ 64 ಬೈಟ್‌ಗಳ ಸಾಲುಗಳಾಗಿ.

ಈಗ ದೊಡ್ಡ ಅರೇಯಲ್ಲಿ ಏನಾಗುತ್ತದೆ ಯೋಚಿಸಿ. ಮನೆಗೊಂದು ಬೈಟ್ ಇದೆ, p 64 ಕ್ಕಿಂತ ದೊಡ್ಡದು ಅಂದರೆ ಪ್ರತಿ ಹೆಜ್ಜೆಯೂ ಹೊಸ ಸಾಲಿಗೆ ಬೀಳುತ್ತದೆ. ಒಂದು ಬೈಟ್ ಅಳಿಸಲು 64 ಬೈಟ್ ತರಿಸಬೇಕು. ಮುಂದಿನ ಅವಿಭಾಜ್ಯ ಅದೇ ಜಾಗಕ್ಕೆ ಬರುವಷ್ಟರಲ್ಲಿ ಆ ಸಾಲು ಕ್ಯಾಶ್‌ನಿಂದ ಹೊರಗೆ ಹೋಗಿರುತ್ತದೆ. ಮತ್ತೆ ತರಿಸಬೇಕು. ನೂರು ಕೋಟಿಯ ಜರಡಿಯಲ್ಲಿ ಒಟ್ಟು ಸುಮಾರು 250 ಕೋಟಿ ಸಲ ಹೊಡೆಯುತ್ತೇವೆ. ಅದರಲ್ಲಿ 80 ಕೋಟಿಗೂ ಜಾಸ್ತಿ ಹೊಡೆತಗಳು 64 ಕ್ಕಿಂತ ದೊಡ್ಡ ಅವಿಭಾಜ್ಯಗಳವು. ಸಮಯ ಹೋಗುವುದು ಇಲ್ಲೇ. ತುಂಡು ಮಾಡಿದಾಗ ಹೊಡೆತಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಆದರೆ ಎಲ್ಲವೂ 32 ಕೆಬಿಯೊಳಗೆ, ಆಗಲೇ ಕ್ಯಾಶ್‌ನಲ್ಲಿರುವ ಜಾಗಕ್ಕೇ ಬೀಳುತ್ತವೆ. ಮೆಮೊರಿ ಉಳಿಸಲು ಹೊರಟವರಿಗೆ ವೇಗವೂ ಸಿಗುವುದು ಈ ಕಾರಣಕ್ಕೆ.

ಹಾಗಾದರೆ ತುಂಡನ್ನು ಇನ್ನೂ ಚಿಕ್ಕದು ಮಾಡಿದರೆ? ಅಲ್ಲಿ ಕೆಳಗಿನ ಮಿತಿ ಎದುರಾಗುತ್ತದೆ. ಪ್ರತಿ ತುಂಡಿನಲ್ಲೂ ಪ್ರತಿ ಮೂಲ ಅವಿಭಾಜ್ಯಕ್ಕೆ ಶುರುವಿನ ಜಾಗ ಲೆಕ್ಕ ಹಾಕಬೇಕು, ಅದರ ಅಪವರ್ತ್ಯ ಅಲ್ಲಿ ಇರಲಿ ಬಿಡಲಿ. ತುಂಡು 32768 ಇದ್ದರೆ ನೂರು ಕೋಟಿಗೆ 30,518 ತುಂಡುಗಳು. ಪ್ರತಿಯೊಂದಕ್ಕೂ 3401 ಅಂತ ಇಟ್ಟರೂ ಹೆಚ್ಚೆಂದರೆ 10 ಕೋಟಿ ಚಿಲ್ಲರೆ ಲೆಕ್ಕ. 250 ಕೋಟಿ ಹೊಡೆತಗಳ ಮುಂದೆ ಅದು ಏನೂ ಅಲ್ಲ. ಅದೇ ತುಂಡು 1000 ಇದ್ದರೆ ಹತ್ತು ಲಕ್ಷ ತುಂಡುಗಳಾಗಿ, ಈ ಲೆಕ್ಕವೇ 340 ಕೋಟಿವರೆಗೆ ಹೋಗಬಹುದು. ಅದೂ ಭಾಗಾಕಾರ, ಸುಮ್ನೆ ಒಂದು ಬೈಟ್ ಅಳಿಸಿದಷ್ಟು ಅಗ್ಗ ಅಲ್ಲ.

ಆದ್ದರಿಂದ ನಾನು ಹೇಳುವ ಲೆಕ್ಕ ಹೀಗಿದೆ: ಒಂದು ತುಂಡು ಹಿಡಿಯುವ ಸಂಖ್ಯೆಗಳು ಮಿತಿಯ ವರ್ಗಮೂಲಕ್ಕಿಂತ ಕಡಿಮೆ ಇರಬಾರದು, ಅದರ ಬೈಟ್‌ಗಳು ಕ್ಯಾಶ್ ಮೀರಬಾರದು. ನೂರು ಕೋಟಿಗೆ ವರ್ಗಮೂಲ 31622, ಕ್ಯಾಶ್ 32768 ಬೈಟ್. ಎರಡೂ ಒಂದೇ ಜಾಗದಲ್ಲಿ ಬಂದು ಕೂತಿವೆ. ಮೂಲ ಪಟ್ಟಿಗೂ ಕ್ಯಾಶ್‌ನಲ್ಲಿ ಸ್ವಲ್ಪ ಜಾಗ ಬೇಕು, ಆದರೆ ಅದನ್ನು ಸಾಲಾಗಿ ಓದುವುದರಿಂದ ಪ್ರೊಸೆಸರ್ ಮುಂಚೆಯೇ ತಂದಿಟ್ಟುಕೊಳ್ಳುತ್ತದೆ, ಅದು ಅಷ್ಟು ತೊಂದರೆ ಕೊಡುವುದಿಲ್ಲ. 32768, 65536, 262144 ಮೂರನ್ನೂ ಕೊಟ್ಟು ನಿಮ್ಮ ಯಂತ್ರದಲ್ಲಿ ಸಮಯ ಅಳೆಯಿರಿ. `-O2` ಹಾಕಿ ಕಂಪೈಲ್ ಮಾಡುವುದನ್ನು ಮರೆಯಬೇಡಿ, ಅದಿಲ್ಲದೆ ಅಳೆದ ಸಮಯಕ್ಕೆ ಅರ್ಥ ಇಲ್ಲ.

ಮಿತಿ ಏರಿದಾಗ ಈ ಹೊಂದಾಣಿಕೆ ತಪ್ಪುತ್ತದೆ. 10¹² ರ ವರ್ಗಮೂಲ ಹತ್ತು ಲಕ್ಷ. ಮೂಲ ಪಟ್ಟಿಯಲ್ಲಿ 78,498 ಅವಿಭಾಜ್ಯಗಳು. 32768 ಸಂಖ್ಯೆಗಳ ತುಂಡಿನಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಅಪವರ್ತ್ಯವೂ ಇರುವುದಿಲ್ಲ. ಶುರುವಿನ ಲೆಕ್ಕ ಹೆಚ್ಚೆಂದರೆ 2.4 ಲಕ್ಷ ಕೋಟಿಯವರೆಗೆ ಹೋಗಬಹುದು, ನಿಜವಾದ ಹೊಡೆತಗಳು ಸುಮಾರು 2.8 ಲಕ್ಷ ಕೋಟಿ. ಅಂದರೆ ಸಿದ್ಧತೆಯೇ ಕೆಲಸದಷ್ಟು ದೊಡ್ಡದಾಯಿತು. ಆಗ ಅದೇ 32 ಕೆಬಿಯಲ್ಲಿ ಜಾಸ್ತಿ ಸಂಖ್ಯೆಗಳನ್ನು ಹಿಡಿಸುವ ದಾರಿ ಬೇಕು.

### ಸಮಸಂಖ್ಯೆ ಬಿಡುವುದು, ಬಿಟ್ ಬಳಸುವುದು

ಸಮಸಂಖ್ಯೆಗಳನ್ನು ಬಿಡುವುದು ಹೊಸ ಉಪಾಯ ಅಲ್ಲ. ಕ್ರಿಸ್ತಪೂರ್ವ 3 ನೇ ಶತಮಾನದ ಎರಟೋಸ್ತನೀಸ್‌ನ ಈ ವಿಧಾನ ನಮಗೆ ತಿಳಿದಿರುವುದು ಆತನ ನಂತರ ಬಂದ ನಿಕೊಮಾಕಸ್‌ನ ವಿವರಣೆಯಿಂದ. ಅದರಲ್ಲೂ ಬೆಸಸಂಖ್ಯೆಗಳನ್ನು ಮಾತ್ರ 3 ರಿಂದ ಸಾಲಾಗಿ ಬರೆದು ಶುರು ಮಾಡುತ್ತಾರೆ.

ನಮ್ಮ ಕೋಡ್‌ನಲ್ಲಿ `lo` 3 ರಿಂದ ಶುರು ಆಗಲಿ, `seg` ಸಮಸಂಖ್ಯೆ ಇರಲಿ. ಆಗ `lo` ಯಾವಾಗಲೂ ಬೆಸವೇ. `win` ಗೆ `seg / 2` ಬೈಟ್ ಸಾಕು. 2 ಕ್ಕಾಗಿ `total` ಅನ್ನು 1 ರಿಂದ ಶುರು ಮಾಡಿ, ಮೂಲ ಪಟ್ಟಿಯಿಂದ 2 ಅನ್ನು ತೆಗೆಯಿರಿ. ಎಣಿಸುವ ಸುತ್ತಿನಲ್ಲಿ `k` ಎರಡೆರಡು ಏರಬೇಕು. ಹೊಡೆಯುವ ಜಾಗ ಹೀಗಾಗುತ್ತದೆ:

```cpp
if (j % 2 == 0) j += p;
for (; j <= hi; j += 2 * p) win[(j - lo) / 2] = 0;
```

p ಬೆಸ, j ಸಮ ಆಗಿದ್ದರೆ j + p ಬೆಸ. ಅಲ್ಲಿಂದ 2p ಹೆಜ್ಜೆ ಇಟ್ಟರೆ ಬೆಸ ಅಪವರ್ತ್ಯಗಳು ಮಾತ್ರ ಸಿಗುತ್ತವೆ. ಇದರಿಂದ ಎರಡು ಲಾಭ: ಜಾಗ ಅರ್ಧ, ಹೊಡೆತ ಅರ್ಧಕ್ಕಿಂತಲೂ ಕಡಿಮೆ. 250 ಕೋಟಿ ಇದ್ದದ್ದು ಸುಮಾರು 100 ಕೋಟಿಗೆ ಇಳಿಯುತ್ತದೆ. ಇಷ್ಟು ಕಡಿಮೆ ಬದಲಾವಣೆಗೆ ಇಷ್ಟು ಲಾಭ ಕೊಡುವುದು ಇದೊಂದೇ, ಹಾಗಾಗಿ ಇದನ್ನು ಖಂಡಿತ ಮಾಡಿ.

ಇದರ ಮೇಲೆ ಬೈಟ್ ಬದಲು ಬಿಟ್ ಬಳಸಿದರೆ 32 ಕೆಬಿಯಲ್ಲಿ 2,62,144 ಬಿಟ್, ಒಂದೊಂದು ಬಿಟ್ ಒಂದು ಬೆಸಸಂಖ್ಯೆ, ಅಂದರೆ 5,24,288 ಸಂಖ್ಯೆಗಳ ಉದ್ದದ ತುಂಡು. ನೂರು ಕೋಟಿಗೆ 1908 ತುಂಡು ಸಾಕು. 64 ಕೆಬಿ ಕೊಟ್ಟರೆ ತುಂಡಿನ ಉದ್ದ ಹತ್ತು ಲಕ್ಷ ದಾಟುತ್ತದೆ, 10¹² ರ ವರ್ಗಮೂಲವನ್ನೂ ಮುಟ್ಟುತ್ತದೆ. ಆದರೆ ಬಿಟ್ ಅಳಿಸಲು ಬೈಟ್ ಓದಿ, ಬದಲಿಸಿ, ಮತ್ತೆ ಬರೆಯಬೇಕು. ಒಂದೊಂದು ಹೊಡೆತ ಸ್ವಲ್ಪ ದುಬಾರಿ. ನೂರು ಕೋಟಿಗೆ ಬೆಸ ಮಾತ್ರ ಇರುವ ಬೈಟ್ ಅರೇ ಸಾಕು. ಬಿಟ್ ಬೇಕಾಗುವುದು ಇನ್ನೂ ಮೇಲಕ್ಕೆ ಹೋಗುವಾಗ.

ತೀರಾ ಮೇಲಕ್ಕೆ ಹೋದರೆ ಇದೂ ಸಾಲುವುದಿಲ್ಲ. 4 × 10¹⁸ ವರೆಗೆ ಜರಡಿ ಹಿಡಿಯಲು ಮೂಲ ಪಟ್ಟಿಯೇ 200 ಕೋಟಿವರೆಗೆ ಬೇಕು, ಅದರಲ್ಲಿ 9,82,22,287 ಅವಿಭಾಜ್ಯಗಳು. ಗೋಲ್ಡ್‌ಬಾಕ್ ಊಹೆಯನ್ನು ಅಷ್ಟು ದೂರ ಪರೀಕ್ಷಿಸಿದ ಒಲಿವೇರಾ ಇ ಸಿಲ್ವಾ ಮತ್ತು ಸಂಗಡಿಗರು ಬಳಸಿದ್ದೂ ತುಂಡು ಜರಡಿಯನ್ನೇ. ಆದರೆ ಅಂಥ ಕಡೆ ದೊಡ್ಡ ಅವಿಭಾಜ್ಯಗಳನ್ನು ಪ್ರತಿ ತುಂಡಿನಲ್ಲೂ ನೋಡುವ ಬದಲು, ಯಾವ ಅವಿಭಾಜ್ಯ ಮುಂದೆ ಯಾವ ತುಂಡಿನಲ್ಲಿ ಬೀಳುತ್ತದೆಯೋ ಆ ತುಂಡಿನ ಪಟ್ಟಿಗೆ ಅದನ್ನು ಮೊದಲೇ ಸೇರಿಸಿಡುತ್ತಾರೆ. ತುಂಡು ಬಂದಾಗ ಅದರ ಪಟ್ಟಿಯಲ್ಲಿ ಇರುವವನ್ನು ಮಾತ್ರ ನೋಡಿದರಾಯಿತು. ನಿಮಗೆ ಸದ್ಯಕ್ಕೆ ಅದರ ಅಗತ್ಯ ಇಲ್ಲ.

### ಉಳಿಸಿದ ಮೆಮೊರಿಯನ್ನು ಫಲಿತಾಂಶದಲ್ಲಿ ಕಳೆಯಬೇಡಿ

ಜರಡಿಯನ್ನು 32 ಕೆಬಿಗೆ ಇಳಿಸಿ, ಸಿಕ್ಕ ಅವಿಭಾಜ್ಯಗಳನ್ನೆಲ್ಲ ಒಂದು `vector` ಗೆ ತುಂಬಿದರೆ ಏನಾಯಿತು? ಐದು ಕೋಟಿ ಚಿಲ್ಲರೆ ಸಂಖ್ಯೆ, ಒಂದೊಂದಕ್ಕೆ 4 ಬೈಟ್, 20 ಕೋಟಿ ಬೈಟ್ ದಾಟಿತು. ಬೆಸಸಂಖ್ಯೆಗಳ ಬಿಟ್ ಜರಡಿ ಇಡೀ ನೂರು ಕೋಟಿಗೆ ಇದರ ಮೂರನೇ ಒಂದು ಭಾಗ ಇರುತ್ತಿತ್ತು! ಅದರ ಮೇಲೆ `push_back` ಮಾಡುವಾಗ ಅರೇ ಬೆಳೆದಂತೆ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೇ ಇರುತ್ತವೆ.

ಎಣಿಸುವುದಿದ್ದರೆ ತುಂಡಿನೊಳಗೇ ಎಣಿಸಿ. ಕೂಡುವುದಿದ್ದರೆ ಅಲ್ಲೇ ಕೂಡಿ. ಅವಳಿ ಅವಿಭಾಜ್ಯ ಹುಡುಕುವುದಿದ್ದರೆ ಹಿಂದಿನ ತುಂಡಿನ ಕೊನೆಯ ಅವಿಭಾಜ್ಯ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಗಡಿಯಲ್ಲಿ ಬೀಳುವ ಜೋಡಿ ತಪ್ಪಿಹೋಗುತ್ತದೆ. ಫೈಲ್‌ಗೆ ಬರೆಯುವುದಿದ್ದರೆ ತುಂಡಿಗೊಮ್ಮೆ ಬರೆದು ಮರೆತುಬಿಡಿ. ಸಾಲಿಗೊಂದರಂತೆ ಬರೆದ ಫೈಲ್ ಸುಮಾರು 500 ಎಂಬಿ ಆಗುತ್ತದೆ. ಬಹಳಷ್ಟು ಸಲ ಆ ಫೈಲನ್ನು ಡಿಸ್ಕಿನಿಂದ ಓದುವುದಕ್ಕಿಂತ ಮತ್ತೆ ಜರಡಿ ಹಿಡಿಯುವುದೇ ಸಲೀಸು.

### ತಪ್ಪು ಎಲ್ಲಿದೆ ಅಂತ ಉತ್ತರವೇ ಹೇಳುತ್ತದೆ

ಮೊದಲು ಈ ಮೊತ್ತಗಳನ್ನು ಬರೆದಿಟ್ಟುಕೊಳ್ಳಿ. 1000 ವರೆಗೆ 168, ಹತ್ತು ಲಕ್ಷದವರೆಗೆ 78,498, ಒಂದು ಕೋಟಿವರೆಗೆ 6,64,579, ನೂರು ಕೋಟಿವರೆಗೆ 5,08,47,534. ನಿಮ್ಮ ಉತ್ತರ ಇದಕ್ಕಿಂತ ಎಷ್ಟು ಆಚೀಚೆ ಇದೆ ಅನ್ನುವುದರಲ್ಲೇ ತಪ್ಪಿನ ಗುರುತು ಇರುತ್ತದೆ.

`max(p * p, ...)` ಬರೆಯಲು ಮರೆತಿರಿ ಅಂದುಕೊಳ್ಳಿ. ಮೊದಲ ತುಂಡಿನಲ್ಲಿ p ಯ ಮೊದಲ ಅಪವರ್ತ್ಯ p ಯೇ. ಅದು ತನ್ನನ್ನೇ ಹೊಡೆದುಕೊಳ್ಳುತ್ತದೆ. 32768 ರ ತುಂಡಿನಲ್ಲಿ `break` ಇರುವುದರಿಂದ ಮೊದಲ ತುಂಡಿಗೆ ಬರುವುದು 181 ವರೆಗಿನ 42 ಅವಿಭಾಜ್ಯಗಳು. ಹಾಗಾಗಿ ಉತ್ತರ ಸರಿಯಾಗಿ 42 ಕಡಿಮೆ ಬರುತ್ತದೆ, 5,08,47,492. `break` ಕೂಡ ಬರೆದಿಲ್ಲದಿದ್ದರೆ 3401 ಕಡಿಮೆ ಬರುತ್ತದೆ.

ಉತ್ತರ ಜಾಸ್ತಿ ಬಂದರೆ ಯಾವುದೋ ಸಂಯುಕ್ತ ಸಂಖ್ಯೆ ತಪ್ಪಿಸಿಕೊಂಡಿದೆ. ಸಾಮಾನ್ಯವಾಗಿ `j <= hi` ಬದಲು `j < hi` ಬರೆದಿರುತ್ತೀರಿ, ಪ್ರತಿ ತುಂಡಿನ ಕೊನೆಯ ಮನೆ ಜರಡಿ ಕಾಣದೆ ಉಳಿಯುತ್ತದೆ. ಇದನ್ನು ಹಿಡಿಯುವ ಒಳ್ಳೆಯ ಪರೀಕ್ಷೆ ಅಂದರೆ ಅದೇ ಮಿತಿಗೆ ತುಂಡಿನ ಗಾತ್ರ ಬದಲಿಸಿ ನೋಡುವುದು. 1000, 1009, 32768 ಕೊಡಿ. ತುಂಡಿನ ಗಾತ್ರ ಬದಲಾದರೆ ಉತ್ತರ ಬದಲಾಗಬಾರದು. ಬದಲಾದರೆ ತಪ್ಪು ಗಡಿಯಲ್ಲೇ ಇದೆ. ಬೆಸ ಮಾತ್ರದ ಕೋಡ್ ಆದರೆ 1009 ಬದಲು 1010 ಕೊಡಿ.

ಜಾಸ್ತಿ ಬಂದದ್ದು ಒಂದೇ ಆಗಿದ್ದು, ಮಿತಿ ಒಂದು ಅವಿಭಾಜ್ಯದ ವರ್ಗ ಆಗಿದ್ದರೆ ಮೂಲ ಪಟ್ಟಿ ಒಂದು ಹೆಜ್ಜೆ ಮೊದಲೇ ನಿಂತಿದೆ. 961 ಕೊಟ್ಟು ನೋಡಿ. ಅದು 31 ರ ವರ್ಗ. ಸರಿ ಉತ್ತರ 162. ನಿಮಗೆ 163 ಬಂದರೆ 31 ಪಟ್ಟಿಯಲ್ಲಿ ಇಲ್ಲ, 961 ಅವಿಭಾಜ್ಯ ಅಂತ ಕೂತಿದೆ.

`(lo + p - 1)` ನಲ್ಲಿ `p - 1` ಬಿಟ್ಟುಹೋದರೆ ಇನ್ನೂ ಕೆಟ್ಟದ್ದು. 120 ಮತ್ತು 7 ಕ್ಕೆ 119 ಬರುತ್ತದೆ, `win[-1]` ಗೆ ಬರೆಯುತ್ತೀರಿ. ಸಿ++ ಸುಮ್ಮನೆ ಬಿಡುತ್ತದೆ, ಪಕ್ಕದ ಮೆಮೊರಿ ಹಾಳಾಗಿ ಎಲ್ಲೋ ಬೇರೆ ಕಡೆ ಪ್ರೋಗ್ರಾಂ ಬೀಳುತ್ತದೆ. ಪರೀಕ್ಷಿಸುವಾಗ `win.at(j - lo)` ಅಂತ ಬರೆಯಿರಿ, ತಪ್ಪಾದ ಜಾಗದಲ್ಲೇ ನಿಲ್ಲುತ್ತದೆ. ಎಲ್ಲ ಸರಿಯಾದ ಮೇಲೆ ವಾಪಸ್ ಬದಲಿಸಿಕೊಳ್ಳಿ.

ಬೆಸ ಮಾತ್ರದ ಕೋಡ್‌ನಲ್ಲಿ ಒಂದು ತಪ್ಪು ಎಣಿಕೆಗೆ ಸಿಗುವುದೇ ಇಲ್ಲ. `lo` 1 ರಿಂದ ಶುರು ಮಾಡಿ, 1 ನ್ನು ಅಳಿಸದೆ, 2 ಅನ್ನು ಸೇರಿಸದೆ ಬಿಟ್ಟರೆ ಒಂದು ಜಾಸ್ತಿ, ಒಂದು ಕಡಿಮೆ. ಎಣಿಕೆ ಸರಿಯಾಗೇ ಬರುತ್ತದೆ, ಪಟ್ಟಿ ತಪ್ಪು. ಅದಕ್ಕೆ 100 ವರೆಗಿನ ಮೊತ್ತವನ್ನೂ ನೋಡಿ. 1060 ಬರಬೇಕು. 1059 ಬಂದರೆ ಇದೇ ಕಾರಣ.

ಕೊನೆಯದು `int`. ನೂರು ಕೋಟಿಗೆ ನೀವು ಎಲ್ಲ ಕಡೆ `int` ಬಳಸಿದರೂ ಬಚಾವ್ ಆಗಬಹುದು, ಯಾಕೆಂದರೆ 31607 ರ ವರ್ಗ ನೂರು ಕೋಟಿಯೊಳಗೇ ಇದೆ. ಅದೇ ಕೋಡನ್ನು 300 ಕೋಟಿಗೆ ಓಡಿಸಿದರೆ ಮಿತಿಯೇ `int` ನಲ್ಲಿ ಹಿಡಿಯುವುದಿಲ್ಲ. ಮಿತಿಯನ್ನು ಮಾತ್ರ ದೊಡ್ಡ ಟೈಪ್‌ಗೆ ಬದಲಿಸಿ p ಯನ್ನು `int` ಆಗಿಯೇ ಬಿಟ್ಟರೆ, p 46,341 ತಲುಪುವಷ್ಟರಲ್ಲಿ p × p 2,147,483,647 ದಾಟಿ ಹೋಗುತ್ತದೆ. ಸಾಮಾನ್ಯವಾಗಿ ಅದು ಋಣ ಸಂಖ್ಯೆಯಾಗಿ ತಿರುಗುತ್ತದೆ, `break` ಕೆಲಸ ಮಾಡುವುದಿಲ್ಲ. ಮೇಲಿನ ಕೋಡ್‌ನಲ್ಲಿ p ಗೂ `i64` ಇಟ್ಟಿರುವುದು ಇದಕ್ಕೇ.

ಎಲ್ಲ ಸರಿ ಬಂದ ಮೇಲೆ ಒಂದು ಕೆಲಸ ಮಾಡಿ. `lo` ಅನ್ನು 2 ರ ಬದಲು 10¹² ರಿಂದ ಶುರು ಮಾಡಿ, 10¹² + 10⁶ ವರೆಗೆ ಮಾತ್ರ ಓಡಿಸಿ. ಮೂಲ ಪಟ್ಟಿಯೂ ಅಲ್ಲಿಯವರೆಗೆ ಸಾಲುವಂತೆ `n` ಕೊಡಿ, ಹತ್ತು ಲಕ್ಷದವರೆಗಿನ 78,498 ಅವಿಭಾಜ್ಯಗಳು ತಯಾರಾಗುತ್ತವೆ. ಅವುಗಳ ಮತ್ತು ಈ ತುಂಡಿನ ನಡುವೆ ಇರುವ ಹೆಚ್ಚುಕಡಿಮೆ ಒಂದು ಲಕ್ಷ ಕೋಟಿ ಸಂಖ್ಯೆಗಳನ್ನು ಪ್ರೋಗ್ರಾಂ ಮುಟ್ಟುವುದೇ ಇಲ್ಲ. ಮೊದಲು ಸಿಗುವ ಅವಿಭಾಜ್ಯ 1,000,000,000,039 ಆಗಿರಬೇಕು, ಆ ಹತ್ತು ಲಕ್ಷದಲ್ಲಿ ಒಟ್ಟು 36 ಸಾವಿರದ ಆಸುಪಾಸು ಸಿಗಬೇಕು.